ಮಧುಮೇಹಿಯ ಮಧ್ಯಾಹ್ನದ ಊಟ: ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಕೊಟ್ಟರೆ ಯಾವುದನ್ನು ಆರಿಸಬೇಕು?

ಕ್ಲಿನಿಕಲ್ ನ್ಯೂಟ್ರಿಷನ್ ಪರೀಕ್ಷೆಯಲ್ಲಿ ಮಧುಮೇಹದ ಕೇಸ್ ಬಂದಾಗ ದಿನದ ಎಕ್ಸ್‌ಚೇಂಜ್ ಲೆಕ್ಕವನ್ನು, ಅಂದರೆ ಒಂದರ ಬದಲು ಇನ್ನೊಂದು ತಿನ್ನಬಹುದಾದ ಸಮ ಪಾಲುಗಳ ಲೆಕ್ಕವನ್ನು, ಬಹಳ ಜನ ಸರಿಯಾಗಿಯೇ ಮಾಡುತ್ತಾರೆ. ಅಂಕ ಹೋಗುವುದು ಅದರ ಮುಂದಿನ ಪ್ರಶ್ನೆಯಲ್ಲಿ. "ಈ ಕೆಳಗಿನ ನಾಲ್ಕು ಊಟಗಳಲ್ಲಿ ಈ ರೋಗಿಗೆ ಯಾವುದು ಹೊಂದುತ್ತದೆ? ಕಾರಣ ಕೊಡಿ" ಎಂದು ಕೇಳುತ್ತಾರೆ. ನಾಲ್ಕೂ ನೋಡಲು ಒಳ್ಳೆಯ ಊಟಗಳೇ ಆಗಿರುತ್ತವೆ. ಸಕ್ಕರೆ ಕಾಣುವುದಿಲ್ಲ, ಕರಿದದ್ದು ಕಾಣುವುದಿಲ್ಲ. ಕ್ಯಾಲರಿ ಕೂಡಿಸಿ ನೋಡಿದರೆ ಮೂರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಆಗ ಯಾವುದರ ಮೇಲೆ ತೀರ್ಮಾನ ಮಾಡಬೇಕು ಅನ್ನುವುದೇ ಇಲ್ಲಿನ ವಿಷಯ.

ಒಂದು ಕೇಸ್ ಇಟ್ಟುಕೊಂಡು ಪೂರ್ತಿ ಮಾಡಿ ನೋಡೋಣ. ರೋಗಿ 52 ವರ್ಷದ ಗಂಡಸು. ಎತ್ತರ 170 ಸೆಂಟಿಮೀಟರ್, ತೂಕ 82 ಕಿಲೋ, ಅಂದರೆ ಬಿಎಂಐ 28.4. ಕುಳಿತು ಮಾಡುವ ಕೆಲಸ, ಸಂಜೆ ಸ್ವಲ್ಪ ನಡಿಗೆ. ಟೈಪ್ 2 ಮಧುಮೇಹ, ಮೆಟ್‌ಫಾರ್ಮಿನ್ ಒಂದೇ ಔಷಧಿ. ಎಚ್‌ಬಿಎ1ಸಿ ಶೇಕಡ 8.1. ಎಲ್‌ಡಿಎಲ್ ಕೊಲೆಸ್ಟ್ರಾಲ್ ಡೆಸಿಲೀಟರ್‌ಗೆ 142 ಮಿಲಿಗ್ರಾಂ. ಮೂತ್ರಪಿಂಡದ ಪರೀಕ್ಷೆಗಳು ಸರಿಯಾಗಿವೆ.

ಈ ವಿವರಗಳನ್ನು ಸುಮ್ನೆ ಜಾಗ ತುಂಬಿಸಲು ಕೊಟ್ಟಿರುವುದಿಲ್ಲ. ಒಂದೊಂದೂ ಮುಂದೆ ಒಂದು ಆಯ್ಕೆಯನ್ನು ಬೀಳಿಸುತ್ತದೆ ಅಥವಾ ಉಳಿಸುತ್ತದೆ. ಓದುವಾಗಲೇ ಎಲ್‌ಡಿಎಲ್ ಕೆಳಗೆ, ಔಷಧಿಯ ಹೆಸರಿನ ಕೆಳಗೆ, ಮೂತ್ರಪಿಂಡದ ಸಾಲಿನ ಕೆಳಗೆ ಗೆರೆ ಎಳೆದುಕೊಳ್ಳಿ.

ಮೊದಲು ದಿನದ ಲೆಕ್ಕ

ಮಿಫ್ಲಿನ್ ಸೂತ್ರದ ಪ್ರಕಾರ ವಿಶ್ರಾಂತಿಯಲ್ಲಿ ಬೇಕಾಗುವ ಶಕ್ತಿ ಹೀಗೆ ಬರುತ್ತದೆ: ತೂಕದ ಹತ್ತು ಪಟ್ಟು 820, ಎತ್ತರದ 6.25 ಪಟ್ಟು 1062.5, ಇವೆರಡನ್ನೂ ಕೂಡಿಸಿ ವಯಸ್ಸಿನ ಐದು ಪಟ್ಟು ಅಂದರೆ 260 ಕಳೆಯಬೇಕು. ಗಂಡಸಾದ್ದರಿಂದ 5 ಸೇರಿಸಬೇಕು. ಒಟ್ಟು ಸುಮಾರು 1628 ಕಿಲೋಕ್ಯಾಲರಿ. ಚಟುವಟಿಕೆಗೆ 1.3ರಿಂದ ಗುಣಿಸಿದರೆ 2116. ತೂಕ ಇಳಿಯಬೇಕಾದ್ದರಿಂದ 500 ಕಳೆದರೆ 1616. ಇದನ್ನು 1600 ಎಂದು ಇಟ್ಟುಕೊಳ್ಳಬಹುದು.

ಈ ಶಕ್ತಿಯನ್ನು ಕಾರ್ಬೋಹೈಡ್ರೇಟ್ ಶೇಕಡ 50, ಪ್ರೋಟೀನ್ ಶೇಕಡ 20, ಕೊಬ್ಬು ಶೇಕಡ 30 ಎಂದು ಹಂಚೋಣ. ಮಧುಮೇಹಿಗಳೆಲ್ಲರಿಗೂ ಒಪ್ಪುವ ಒಂದೇ ಅನುಪಾತ ಅಂತ ಯಾವುದೂ ಇಲ್ಲ. ಪ್ರಶ್ನೆಪತ್ರಿಕೆ ಅನುಪಾತ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ, ಕೊಡದಿದ್ದರೆ ನಿಮ್ಮದನ್ನು ಒಂದು ಸಾಲಿನ ಕಾರಣದೊಂದಿಗೆ ಬರೆಯಿರಿ. ನಮ್ಮ ಅನುಪಾತದಲ್ಲಿ ಕಾರ್ಬೋಹೈಡ್ರೇಟ್ 200 ಗ್ರಾಂ, ಪ್ರೋಟೀನ್ 80 ಗ್ರಾಂ, ಕೊಬ್ಬು ಸುಮಾರು 53 ಗ್ರಾಂ ಬರುತ್ತದೆ.

ಇನ್ನು ಎಕ್ಸ್‌ಚೇಂಜ್. ಒಂದು ಎಕ್ಸ್‌ಚೇಂಜ್‌ನಲ್ಲಿ ಇರುವುದು ಇಷ್ಟು:

| ಪಟ್ಟಿ | ಕಾರ್ಬೋಹೈಡ್ರೇಟ್ (ಗ್ರಾಂ) | ಪ್ರೋಟೀನ್ (ಗ್ರಾಂ) | ಕೊಬ್ಬು (ಗ್ರಾಂ) | ಕಿಲೋಕ್ಯಾಲರಿ |
|---|---|---|---|---|
| ಕೆನೆ ತೆಗೆದ ಹಾಲು | 12 | 8 | 0 | 100 |
| ಪಿಷ್ಟವಿಲ್ಲದ ತರಕಾರಿ | 5 | 2 | 0 | 25 |
| ಹಣ್ಣು | 15 | 0 | 0 | 60 |
| ಪಿಷ್ಟ | 15 | 3 | 1 | 80 |
| ಕಡಿಮೆ ಕೊಬ್ಬಿನ ಪ್ರೋಟೀನ್ | 0 | 7 | 2 | 45 |
| ಹೆಚ್ಚು ಕೊಬ್ಬಿನ ಪ್ರೋಟೀನ್ | 0 | 7 | 8 | 100 |
| ಕೊಬ್ಬು | 0 | 0 | 5 | 45 |

ಇವು ಅಮೆರಿಕದ ಪಟ್ಟಿಯ ಅಂಕಿಗಳು. ಆ ಪಟ್ಟಿ ಮೊದಲು ಬಂದದ್ದು 1950ರಲ್ಲಿ, ಆಮೇಲೆ ಹಲವು ಸಲ ತಿದ್ದುಪಡಿಯಾಗಿದೆ. ಹಳೆಯ ಆವೃತ್ತಿಯಲ್ಲಿ ಕಡಿಮೆ ಕೊಬ್ಬಿನ ಪ್ರೋಟೀನ್‌ಗೆ 3 ಗ್ರಾಂ ಕೊಬ್ಬು, ಹಾಲಿಗೆ 90 ಕಿಲೋಕ್ಯಾಲರಿ ಎಂದು ಇರುತ್ತದೆ. ಕೆಲವು ದೇಶಗಳಲ್ಲಿ ಒಂದು ಕಾರ್ಬೋಹೈಡ್ರೇಟ್ ಪಾಲು ಅಂದರೆ 15 ಅಲ್ಲ, 10 ಅಥವಾ 12 ಗ್ರಾಂ. ಹಾಗಾಗಿ ಪರೀಕ್ಷೆಯವರು ಕೊಟ್ಟ ಪಟ್ಟಿ ಯಾವುದೋ ಅದೇ ಸರಿ. ಬಾಯಿಪಾಠದ ಅಂಕಿಯನ್ನು ಅವರ ಪಟ್ಟಿಯ ಜೊತೆ ಬೆರೆಸಿದರೆ ಲೆಕ್ಕ ಎಲ್ಲೂ ಕೂಡುವುದಿಲ್ಲ.

ಲೆಕ್ಕಕ್ಕೆ ಒಂದು ಕ್ರಮ ಇದೆ. ಮೊದಲು ಹಾಲು, ತರಕಾರಿ, ಹಣ್ಣು. ಇವುಗಳ ಸಂಖ್ಯೆಯನ್ನು ರೋಗಿಯ ಅಭ್ಯಾಸ ನೋಡಿ ನಾವೇ ನಿಗದಿ ಮಾಡುತ್ತೇವೆ. ಆಮೇಲೆ ಉಳಿದ ಕಾರ್ಬೋಹೈಡ್ರೇಟನ್ನು ಪಿಷ್ಟದಿಂದ ತುಂಬುತ್ತೇವೆ. ಅಲ್ಲಿಗೆ ಕಾರ್ಬೋಹೈಡ್ರೇಟ್ ಮುಗಿಯಿತು, ಮುಂದಿನ ಯಾವ ಪಟ್ಟಿಯೂ ಅದನ್ನು ಅಲುಗಾಡಿಸುವುದಿಲ್ಲ. ಉಳಿದ ಪ್ರೋಟೀನನ್ನು ಪ್ರೋಟೀನ್ ಪಟ್ಟಿಯಿಂದ ತುಂಬುತ್ತೇವೆ. ಕೊನೆಗೆ ಉಳಿದ ಕೊಬ್ಬನ್ನು ಕೊಬ್ಬಿನ ಪಟ್ಟಿಯಿಂದ ತುಂಬುತ್ತೇವೆ, ಯಾಕೆಂದರೆ ಅದರಲ್ಲಿ ಬೇರೇನೂ ಇಲ್ಲ. ಪ್ರೋಟೀನ್‌ನಿಂದ ಶುರು ಮಾಡಿದವರಿಗೆ ಕೊನೆಯಲ್ಲಿ ಪ್ರೋಟೀನ್ ಜಾಸ್ತಿ ಆಗುವುದು ಇದೇ ಕಾರಣಕ್ಕೆ. ಹಾಲಿನಲ್ಲಿ, ಪಿಷ್ಟದಲ್ಲಿ, ತರಕಾರಿಯಲ್ಲಿ ಇರುವ ಪ್ರೋಟೀನ್ ಆಮೇಲೆ ಬಂದು ಸೇರಿಕೊಳ್ಳುತ್ತದೆ.

ನಮ್ಮ ರೋಗಿಗೆ ಹಾಲು 2, ತರಕಾರಿ 4, ಹಣ್ಣು 3 ಇಡೋಣ. ಇವುಗಳ ಕಾರ್ಬೋಹೈಡ್ರೇಟ್ 24, 20, 45, ಒಟ್ಟು 89 ಗ್ರಾಂ. 200ರಲ್ಲಿ ಉಳಿದದ್ದು 111. ಹದಿನೈದರಿಂದ ಭಾಗಿಸಿದರೆ 7.4, ಅಂದರೆ ಪಿಷ್ಟ 7. ಈಗ ಕಾರ್ಬೋಹೈಡ್ರೇಟ್ 194 ಗ್ರಾಂ ಆಯಿತು. ಪ್ರೋಟೀನ್ ಹಾಲಿನಿಂದ 16, ತರಕಾರಿಯಿಂದ 8, ಪಿಷ್ಟದಿಂದ 21, ಒಟ್ಟು 45. ಇನ್ನು 35 ಬೇಕು, ಅದಕ್ಕೆ ಪ್ರೋಟೀನ್ ಎಕ್ಸ್‌ಚೇಂಜ್ 5. ಕೊಬ್ಬು ಪಿಷ್ಟದಿಂದ 7, ಪ್ರೋಟೀನ್‌ನಿಂದ 10, ಒಟ್ಟು 17. 53ರಲ್ಲಿ ಉಳಿದ 36ನ್ನು ಐದರಿಂದ ಭಾಗಿಸಿದರೆ ಕೊಬ್ಬು 7.

ಗ್ರಾಂಗಳಿಂದ ಕೂಡಿಸಿದರೆ 1564 ಕಿಲೋಕ್ಯಾಲರಿ, ಪಟ್ಟಿಯ ಕೊನೆಯ ಕಂಬದಿಂದ ಕೂಡಿಸಿದರೆ 1580. ಎರಡೂ ಸರಿಯೇ. ಪಟ್ಟಿಯ ಕ್ಯಾಲರಿಗಳನ್ನು ಹತ್ತಿರದ ಅಂಕಿಗೆ ತಂದಿರುವುದರಿಂದ ಇಷ್ಟು ವ್ಯತ್ಯಾಸ ಬರುತ್ತದೆ. ಎರಡೂ 1600ಕ್ಕೆ ಹತ್ತಿರವಿವೆ. ಪಿಷ್ಟವನ್ನು 8 ಮಾಡಿದ್ದರೆ ಕಾರ್ಬೋಹೈಡ್ರೇಟ್ 209, ಕ್ಯಾಲರಿ 1645 ಆಗುತ್ತಿತ್ತು. ಅದೂ ತಪ್ಪಲ್ಲ. ಆದರೆ ಎಚ್‌ಬಿಎ1ಸಿ 8.1 ಇದ್ದು ತೂಕವೂ ಇಳಿಯಬೇಕಾದಾಗ ನಾನು ಕೆಳಗಿನ ಅಂಕಿಯನ್ನೇ ಆರಿಸುತ್ತೇನೆ.

ಹಂಚಿಕೆಯನ್ನು ಬೇಗ ಮುಗಿಸೋಣ. ಬೆಳಗ್ಗೆ ಪಿಷ್ಟ 2, ಹಣ್ಣು 1, ಹಾಲು 1, ಪ್ರೋಟೀನ್ 1, ಕೊಬ್ಬು 2. ಮಧ್ಯಾಹ್ನ ಮತ್ತು ರಾತ್ರಿ ಪಿಷ್ಟ 2, ಹಣ್ಣು 1, ತರಕಾರಿ 2, ಪ್ರೋಟೀನ್ 2, ಕೊಬ್ಬು 2. ಸಂಜೆಗೆ ಪಿಷ್ಟ 1, ಹಾಲು 1, ಕೊಬ್ಬು 1. ಕಾರ್ಬೋಹೈಡ್ರೇಟ್ ಕ್ರಮವಾಗಿ 57, 55, 55, 27 ಗ್ರಾಂ. ಮೂರು ಮುಖ್ಯ ಊಟಗಳೂ ಒಂದೇ ಮಟ್ಟದಲ್ಲಿ ಇವೆ, ನಮಗೆ ಬೇಕಾಗಿದ್ದೂ ಅದೇ.

ನಾಲ್ಕು ಊಟಗಳು

ಮಧ್ಯಾಹ್ನದ ಊಟಕ್ಕೆ ನಮ್ಮ ಅಳತೆ 55 ಗ್ರಾಂ ಕಾರ್ಬೋಹೈಡ್ರೇಟ್, 24 ಗ್ರಾಂ ಪ್ರೋಟೀನ್, 16 ಗ್ರಾಂ ಕೊಬ್ಬು, 460 ಕಿಲೋಕ್ಯಾಲರಿ. ಪ್ರಶ್ನೆಯಲ್ಲಿ ಬಂದಿರುವ ಆಯ್ಕೆಗಳು ಇವು. ಒಂದು ಕಪ್ ಅಂದರೆ 240 ಮಿಲಿಲೀಟರ್.

ಅ) ಬಿಳಿ ಅನ್ನ 1 ಕಪ್, ಚರ್ಮ ತೆಗೆದು ಸುಟ್ಟ ಕೋಳಿ 60 ಗ್ರಾಂ, ಬೇಯಿಸಿದ ಹುರುಳಿಕಾಯಿ 1 ಕಪ್, ಎಣ್ಣೆ 2 ಟೀ ಚಮಚ.

ಆ) ಬ್ರೆಡ್ 1 ಹೋಳು, ಬೇಯಿಸಿದ ಬೇಳೆ ಅರ್ಧ ಕಪ್, ಚರ್ಮ ತೆಗೆದ ಕೋಳಿ 30 ಗ್ರಾಂ, ಹಸಿ ತರಕಾರಿ 2 ಕಪ್, ಎಣ್ಣೆ 2 ಟೀ ಚಮಚ, ಸಣ್ಣ ಸೇಬು 1.

ಇ) ಬ್ರೆಡ್ 2 ಹೋಳು, ಚೀಸ್ 60 ಗ್ರಾಂ, ಹಸಿ ತರಕಾರಿ 2 ಕಪ್, ಹಣ್ಣಿನ ರಸ ಅರ್ಧ ಕಪ್. ಎಣ್ಣೆ ಇಲ್ಲ.

ಈ) ಅನ್ನ ಮೂರನೇ ಎರಡು ಕಪ್, ಚರ್ಮ ತೆಗೆದ ಕೋಳಿ 60 ಗ್ರಾಂ, ಬೇಯಿಸಿದ ಬಟಾಣಿ ಮತ್ತು ಮೆಕ್ಕೆಜೋಳದ ಕಾಳು 1 ಕಪ್, ಎಣ್ಣೆ 2 ಟೀ ಚಮಚ, ಸಣ್ಣ ಸೇಬು 1.

ಮುಂದೆ ಓದುವ ಮೊದಲು ನೀವೇ ಒಮ್ಮೆ ಆರಿಸಿ ನೋಡಿ. ಆತುರದಲ್ಲಿರುವ ವಿದ್ಯಾರ್ಥಿಯ ಕೈ ಸಾಮಾನ್ಯವಾಗಿ "ಈ" ಕಡೆಗೆ ಹೋಗುತ್ತದೆ.

"ಈ" ಯಾಕೆ ಮೋಸ ಮಾಡುತ್ತದೆ

ಬೇಯಿಸಿದ ತರಕಾರಿ ಅರ್ಧ ಕಪ್ ಅಂದರೆ ಒಂದು ಎಕ್ಸ್‌ಚೇಂಜ್. ಆ ಲೆಕ್ಕದಲ್ಲಿ ಒಂದು ಕಪ್ ಬಟಾಣಿ ಮತ್ತು ಮೆಕ್ಕೆಜೋಳ ಎರಡು ತರಕಾರಿ ಆಗುತ್ತದೆ. ಅನ್ನ ಎರಡು ಪಿಷ್ಟ, ಸೇಬು ಒಂದು ಹಣ್ಣು, ಕೋಳಿ ಎರಡು ಪ್ರೋಟೀನ್, ಎಣ್ಣೆ ಎರಡು ಕೊಬ್ಬು. ಕೂಡಿಸಿದರೆ ಸರಿಯಾಗಿ 55 ಗ್ರಾಂ, ಸರಿಯಾಗಿ 460 ಕಿಲೋಕ್ಯಾಲರಿ. ನಮ್ಮ ಅಳತೆಗೆ ಒಂದು ಗ್ರಾಂ ಕೂಡ ಹೆಚ್ಚು ಕಡಿಮೆ ಇಲ್ಲ. ಪ್ರಶ್ನೆ ಮಾಡಿದವರು ಇದನ್ನು ಬೇಕೆಂದೇ ಹೀಗೆ ಕೂಡಿಸಿಟ್ಟಿರುತ್ತಾರೆ.

ಆದರೆ ಬಟಾಣಿ, ಮೆಕ್ಕೆಜೋಳ, ಆಲೂಗಡ್ಡೆ ಇವು ಎಕ್ಸ್‌ಚೇಂಜ್ ಪಟ್ಟಿಯಲ್ಲಿ ತರಕಾರಿಯ ಕೆಳಗೆ ಬರುವುದಿಲ್ಲ. ಇವು ಪಿಷ್ಟದ ಪಟ್ಟಿಯವು. ಅರ್ಧ ಕಪ್ ಬಟಾಣಿ ಅಂದರೆ 15 ಗ್ರಾಂ ಕಾರ್ಬೋಹೈಡ್ರೇಟ್, 5 ಅಲ್ಲ. ಹಾಗಾದರೆ ಈ ತಟ್ಟೆಯಲ್ಲಿ ಪಿಷ್ಟ ನಾಲ್ಕು, ತರಕಾರಿ ಸೊನ್ನೆ. ಕಾರ್ಬೋಹೈಡ್ರೇಟ್ 75 ಗ್ರಾಂ, ಶಕ್ತಿ 566 ಕಿಲೋಕ್ಯಾಲರಿ. ಒಂದೇ ಊಟಕ್ಕೆ 20 ಗ್ರಾಂ ಕಾರ್ಬೋಹೈಡ್ರೇಟ್ ಜಾಸ್ತಿ ಆಯಿತು.

ಹೊರಗೆ ಆಹಾರ ಸಲಹೆ ಕೊಡುವಾಗಲೂ ಇದೇ ಆಗುತ್ತದೆ. ರೋಗಿ "ತರಕಾರಿ ಚೆನ್ನಾಗಿ ತಿಂತೀನಿ" ಅನ್ನುತ್ತಾರೆ. ಊಟದ ನಂತರ ಎರಡು ಗಂಟೆಗೆ ನೋಡಿದರೆ ಸಕ್ಕರೆ ಮೇಲೆಯೇ ಇರುತ್ತದೆ. ಯಾವ ತರಕಾರಿ ಎಂದು ಕೇಳಿದಾಗ ಆಲೂಗಡ್ಡೆ ಎಂಬ ಉತ್ತರ ಬರುತ್ತದೆ. ಬಟಾಣಿ ಕೆಟ್ಟ ಆಹಾರ ಅಂತ ಇದರ ಅರ್ಥ ಅಲ್ಲ, ಅದರಲ್ಲಿ ನಾರು ಚೆನ್ನಾಗಿದೆ. ಅನ್ನವನ್ನು ಅಷ್ಟು ಕಡಿಮೆ ಮಾಡಿ ತಿಂದರೆ ಅದು ಸರಿಯಾದ ಆಯ್ಕೆಯೇ. "ಈ" ಊಟದಲ್ಲಿ ಅನ್ನ ತೆಗೆದು ಆ ಜಾಗಕ್ಕೆ ಒಂದು ಕಪ್ ಹುರುಳಿಕಾಯಿ ಇಟ್ಟರೆ ಅಳತೆಗೆ ಸರಿಹೋಗುತ್ತದೆ. ಉತ್ತರದಲ್ಲಿ ಈ ತಿದ್ದುಪಡಿಯನ್ನೂ ಬರೆದರೆ ನಿಮಗೆ ವಿಷಯ ಅರ್ಥವಾಗಿದೆ ಎಂದು ಓದುವವರಿಗೆ ಗೊತ್ತಾಗುತ್ತದೆ.

"ಅ" ಮತ್ತು "ಆ": ಕಾರ್ಬೋಹೈಡ್ರೇಟ್ ಒಂದೇ, ಊಟ ಬೇರೆ

"ಅ" ಊಟದಲ್ಲಿ ಎಡವುವುದು ಅನ್ನದ ಅಳತೆಯಲ್ಲಿ. ಪಿಷ್ಟದ ಪಟ್ಟಿಯಲ್ಲಿ ಬಹಳಷ್ಟು ಪದಾರ್ಥಗಳಿಗೆ ಅರ್ಧ ಕಪ್ ಒಂದು ಎಕ್ಸ್‌ಚೇಂಜ್. ಆದರೆ ಅನ್ನಕ್ಕೆ ಮೂರನೇ ಒಂದು ಕಪ್. ಅಭ್ಯಾಸಬಲದಿಂದ ಒಂದು ಕಪ್ ಅನ್ನವನ್ನು ಎರಡು ಪಿಷ್ಟ ಎಂದು ಬರೆದವರಿಗೆ ಕಾರ್ಬೋಹೈಡ್ರೇಟ್ 40 ಗ್ರಾಂ ಬರುತ್ತದೆ. ಆಗ ಅವರು "ಕಾರ್ಬೋಹೈಡ್ರೇಟ್ ಕಡಿಮೆ" ಎಂದು ಇದನ್ನು ತಳ್ಳಿಹಾಕುತ್ತಾರೆ. ಉತ್ತರ ಸರಿ ಇದ್ದರೂ ಕಾರಣ ತಪ್ಪಾಗುತ್ತದೆ. ನಿಜವಾಗಿ ಒಂದು ಕಪ್ ಅನ್ನ ಮೂರು ಪಿಷ್ಟ, 45 ಗ್ರಾಂ. ಹುರುಳಿಕಾಯಿಯ 10 ಸೇರಿ 55. ಅಳತೆಗೆ ಸಮ.

ಇಲ್ಲೇ ಇನ್ನೊಂದು ಮಾತು. ಈ ಅಳತೆಗಳೆಲ್ಲ ಬೆಂದ ಮೇಲಿನವು. ಅಕ್ಕಿ ಬೆಂದಾಗ ಹೆಚ್ಚುಕಡಿಮೆ ಮೂರು ಪಟ್ಟು ಆಗುತ್ತದೆ. ಮೂರನೇ ಒಂದು ಕಪ್ ಅಕ್ಕಿಯನ್ನು ಒಂದು ಎಕ್ಸ್‌ಚೇಂಜ್ ಎಂದು ಅಳೆದು ಬೇಯಿಸಿದರೆ ತಟ್ಟೆಗೆ ಬರುವುದು ಮೂರು. ಮಾಂಸ ಇದಕ್ಕೆ ಉಲ್ಟಾ. ಬೆಂದಾಗ ಸುಮಾರು ಕಾಲುಭಾಗ ತೂಕ ಕಳೆದುಕೊಳ್ಳುತ್ತದೆ. ತಟ್ಟೆಯಲ್ಲಿ 60 ಗ್ರಾಂ ಬೇಕಾದರೆ ಹಸಿಯಾಗಿ 80 ಗ್ರಾಂ ತೂಗಬೇಕು. ಪ್ರಶ್ನೆಯಲ್ಲಿ "ಹಸಿ" ಎಂಬ ಪದ ಎಲ್ಲಾದರೂ ಅಡಗಿದೆಯೇ ನೋಡಿ. ಒಂದು ಪದದಿಂದ ಇಡೀ ಉತ್ತರ ಬದಲಾಗಬಹುದು.

"ಅ" ನಲ್ಲಿ ಹಣ್ಣಿಲ್ಲ. ಹಣ್ಣಿನ ಜಾಗದಲ್ಲಿ ಒಂದು ಪಿಷ್ಟ ಜಾಸ್ತಿ ಇದೆ. ಇದು ಒಪ್ಪಿಗೆಯೇ? ಒಂದೇ ಪಟ್ಟಿಯ ಒಳಗೆ ಅದಲು ಬದಲು ಮಾಡುವುದು ಎಕ್ಸ್‌ಚೇಂಜ್ ಪದ್ಧತಿಯ ಮೂಲ ನಿಯಮ. ಒಂದು ಹೋಳು ಬ್ರೆಡ್ ಬದಲು ಮೂರನೇ ಒಂದು ಕಪ್ ಅನ್ನ, ಹೀಗೆ. ಪಿಷ್ಟ, ಹಣ್ಣು, ಹಾಲು ಈ ಮೂರರ ನಡುವೆ ಮಾತ್ರ ಆಗೊಮ್ಮೆ ಈಗೊಮ್ಮೆ ಅದಲು ಬದಲು ಮಾಡಬಹುದು, ಏಕೆಂದರೆ ಮೂರರಲ್ಲೂ ಕಾರ್ಬೋಹೈಡ್ರೇಟ್ 12ರಿಂದ 15 ಗ್ರಾಂ. ಆದರೆ ಜೊತೆಗೆ ಬರುವ ಪ್ರೋಟೀನ್ ಬೇರೆ. ಹಣ್ಣಿನ ಜಾಗಕ್ಕೆ ಪಿಷ್ಟ ಬಂದಾಗ 3 ಗ್ರಾಂ ಪ್ರೋಟೀನ್, 1 ಗ್ರಾಂ ಕೊಬ್ಬು ಸೇರಿತು. ಅದಕ್ಕೇ "ಅ" 481 ಕಿಲೋಕ್ಯಾಲರಿ ಆಯಿತು. ಇಷ್ಟು ವ್ಯತ್ಯಾಸ ಏನೂ ಅಲ್ಲ. ಅಂದರೆ "ಅ" ಒಂದು ದಿನಕ್ಕೆ ಒಪ್ಪಬಹುದಾದ ಬದಲಿ, ದಿನನಿತ್ಯದ ಮಾದರಿ ಅಲ್ಲ. ಒಂದು ಕಪ್ ಬಿಳಿ ಅನ್ನದಲ್ಲಿ ನಾರು ಒಂದು ಗ್ರಾಂಗೂ ಕಡಿಮೆ.

"ಆ" ಊಟಕ್ಕೆ ಬರೋಣ. ಇದರಲ್ಲಿ ಬೇಳೆ ಮುಖ್ಯ. ಬೇಳೆಯನ್ನು ಬರೀ ಪ್ರೋಟೀನ್ ಎಂದು ಎಣಿಸುವವರು ಇದ್ದಾರೆ, ಬರೀ ಪಿಷ್ಟ ಎಂದು ಎಣಿಸುವವರೂ ಇದ್ದಾರೆ. ಅರ್ಧ ಕಪ್ ಬೆಂದ ಬೇಳೆ ಒಂದು ಪಿಷ್ಟ ಮತ್ತು ಒಂದು ಕಡಿಮೆ ಕೊಬ್ಬಿನ ಪ್ರೋಟೀನ್, ಎರಡೂ ಒಟ್ಟಿಗೆ. ಪ್ರೋಟೀನ್ ಮಾತ್ರ ಎಂದುಕೊಂಡರೆ ಈ ಊಟದಲ್ಲಿ ಪಿಷ್ಟ ಒಂದೇ ಕಾಣುತ್ತದೆ, 40 ಗ್ರಾಂ ಬರುತ್ತದೆ. ಆಗ ಸರಿಯಾದ ಆಯ್ಕೆಯೇ ಕೈತಪ್ಪಿ ಹೋಗುತ್ತದೆ. ಸರಿಯಾಗಿ ಎಣಿಸಿದರೆ ಬ್ರೆಡ್ಡಿನಿಂದ 15, ಬೇಳೆಯಿಂದ 15, ತರಕಾರಿಯಿಂದ 10, ಸೇಬಿನಿಂದ 15, ಒಟ್ಟು 55. ಪ್ರೋಟೀನ್ 24, ಕೊಬ್ಬು 16, ಶಕ್ತಿ 460. ಹಸಿ ತರಕಾರಿಗೆ ಒಂದು ಕಪ್ ಒಂದು ಎಕ್ಸ್‌ಚೇಂಜ್ ಎಂಬುದು ನೆನಪಿರಲಿ. ಬೆಂದದ್ದಕ್ಕೆ ಅರ್ಧ, ಹಸಿಯದಕ್ಕೆ ಒಂದು.

ಅಳತೆಗೆ ಹೊಂದುವುದು ಒಂದು ಕಾರಣ. ಎರಡನೆಯದು ನಾರು. ಅರ್ಧ ಕಪ್ ಬೇಳೆಯಲ್ಲೇ ಸುಮಾರು 8 ಗ್ರಾಂ, ಸಿಪ್ಪೆ ಸಹಿತ ಸಣ್ಣ ಸೇಬಿನಲ್ಲಿ ಸುಮಾರು 3 ಗ್ರಾಂ. "ಅ" ಮತ್ತು "ಆ" ಎರಡರಲ್ಲೂ 55 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೂ ರಕ್ತಕ್ಕೆ ಸಕ್ಕರೆ ಸೇರುವ ವೇಗ ಒಂದೇ ಅಲ್ಲ. ಬೇಳೆಯದು ನಿಧಾನ. ಎಕ್ಸ್‌ಚೇಂಜ್ ಪದ್ಧತಿಯ ಮಿತಿ ಇರುವುದು ಇಲ್ಲೇ. ಅದು ಎಷ್ಟು ಕಾರ್ಬೋಹೈಡ್ರೇಟ್ ಎಂದು ಹೇಳುತ್ತದೆ, ಎಷ್ಟು ಬೇಗ ಎಂದು ಹೇಳುವುದಿಲ್ಲ. ಹಾಗಂತ ಗ್ಲೈಸಿಮಿಕ್ ಇಂಡೆಕ್ಸ್‌ನಿಂದ ಉತ್ತರ ಶುರು ಮಾಡಬೇಡಿ. ಮೊದಲು ಒಟ್ಟು ಪ್ರಮಾಣ, ಆಮೇಲೆ ಗುಣ. ಎರಡು ಊಟಗಳ ಪ್ರಮಾಣ ಸಮ ಇದ್ದಾಗ ಮಾತ್ರ ಗುಣದ ಮಾತು ತೀರ್ಮಾನಕ್ಕೆ ಬರುತ್ತದೆ.

"ಇ": ಲೆಕ್ಕದಲ್ಲಿ ಪಾಸು, ರೋಗಿಯ ಮುಂದೆ ಫೇಲು

"ಇ" ಊಟ ನನಗೆ ಈ ನಾಲ್ಕರಲ್ಲಿ ಹೆಚ್ಚು ಆಸಕ್ತಿಯದು. ಬ್ರೆಡ್ ಎರಡು ಪಿಷ್ಟ, ತರಕಾರಿ ಎರಡು, ಅರ್ಧ ಕಪ್ ರಸ ಒಂದು ಹಣ್ಣು. ಕಾರ್ಬೋಹೈಡ್ರೇಟ್ 55. ಚೀಸ್ 60 ಗ್ರಾಂ ಅಂದರೆ ಎರಡು ಪ್ರೋಟೀನ್, ಆದರೆ ಹೆಚ್ಚು ಕೊಬ್ಬಿನ ಪಟ್ಟಿಯವು. ಒಂದೊಂದರಲ್ಲೂ ಕಡಿಮೆ ಕೊಬ್ಬಿನದಕ್ಕಿಂತ 6 ಗ್ರಾಂ ಕೊಬ್ಬು ಜಾಸ್ತಿ, ಅಂದರೆ ಜೊತೆಗೆ ಒಂದೊಂದು ಕೊಬ್ಬಿನ ಎಕ್ಸ್‌ಚೇಂಜ್ ತಿಂದ ಹಾಗೆ. ಹಾಗಾಗಿ ಎಣ್ಣೆ ಬಿಟ್ಟಿದ್ದಾರೆ. ಪ್ರೋಟೀನ್ 24, ಕೊಬ್ಬು 18, ಶಕ್ತಿ 478. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ, ಅಲ್ವಾ?

ಈಗ ಎಲ್‌ಡಿಎಲ್ ಕೆಳಗೆ ಎಳೆದ ಗೆರೆಗೆ ವಾಪಸ್ ಹೋಗಿ. ಚೀಸ್‌ನ ಕೊಬ್ಬು ಬಹುಪಾಲು ಸ್ಯಾಚುರೇಟೆಡ್ ಕೊಬ್ಬು. ಚೆಡ್ಡರ್ ತರಹದ ಚೀಸ್ ಆದರೆ 60 ಗ್ರಾಂನಲ್ಲಿ 11ರಿಂದ 12 ಗ್ರಾಂ. ನಮ್ಮ ರೋಗಿಗೆ 1600 ಕಿಲೋಕ್ಯಾಲರಿಯಲ್ಲಿ ಶೇಕಡ 10 ಎಂದು ಮಿತಿ ಹಾಕಿದರೆ ಇಡೀ ದಿನಕ್ಕೆ ಸುಮಾರು 18 ಗ್ರಾಂ. ಎಲ್‌ಡಿಎಲ್ ಜಾಸ್ತಿ ಇರುವವರಿಗೆ ಇಡುವ ಶೇಕಡ 7ರ ಮಿತಿ ಹಾಕಿದರೆ ಸುಮಾರು 12 ಗ್ರಾಂ. ಅಂದರೆ ಮಧ್ಯಾಹ್ನದ ಒಂದೇ ಊಟಕ್ಕೆ ದಿನದ ಪಾಲು ಮುಗಿಯಿತು. "ಅ", "ಆ" ಊಟಗಳಲ್ಲಿ ಅದೇ ಕೊಬ್ಬು ಎಣ್ಣೆಯಿಂದ ಬರುತ್ತದೆ. ಎಣ್ಣೆ ಅನ್‌ಸ್ಯಾಚುರೇಟೆಡ್ ಜಾತಿಯದಾಗಿದ್ದರೆ ಎಲ್‌ಡಿಎಲ್‌ಗೆ ತೊಂದರೆ ಇಲ್ಲ. ಕೊಬ್ಬಿನ ಗ್ರಾಂ ಹೆಚ್ಚುಕಡಿಮೆ ಒಂದೇ, ಪರಿಣಾಮ ಬೇರೆ. ಎಕ್ಸ್‌ಚೇಂಜ್ ಸಂಖ್ಯೆಯನ್ನು ಮಾತ್ರ ನೋಡಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಹಣ್ಣಿನ ರಸವೂ ಹಾಗೆಯೇ. ಅರ್ಧ ಕಪ್ ರಸ ಮತ್ತು ಒಂದು ಸಣ್ಣ ಸೇಬು ಪಟ್ಟಿಯಲ್ಲಿ ಸಮ. ರಸದಲ್ಲಿ ನಾರು ಇಲ್ಲವೆಂದೇ ಹೇಳಬಹುದು, ಬೇಗ ರಕ್ತಕ್ಕೆ ಸೇರುತ್ತದೆ. ಈ ಬೇಗ ಸೇರುವ ಗುಣವೇ ಬೇಕಾಗುವ ಸಂದರ್ಭ ಒಂದಿದೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಾಗ 15 ಗ್ರಾಂ ಕಾರ್ಬೋಹೈಡ್ರೇಟ್ ಬೇಗ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಬೇಕು. ಆಗ ಅರ್ಧ ಕಪ್ ರಸ ಸರಿಯಾದ ಉತ್ತರ, ಸೇಬು ತಪ್ಪು ಉತ್ತರ. ಊಟದ ತಟ್ಟೆಯಲ್ಲಿ ಇದು ತಿರುಗುಮುರುಗು.

ಹಾಗಾಗಿ ಈ ರೋಗಿಗೆ ಉತ್ತರ "ಆ". ಬರೆಯುವಾಗ ಕಾರಣವನ್ನು ಎರಡು ಹಂತದಲ್ಲಿ ಇಡಿ. ಮೊದಲ ಹಂತ ಅಳತೆ: "'ಈ' ಊಟದಲ್ಲಿ ಬಟಾಣಿ ಮತ್ತು ಮೆಕ್ಕೆಜೋಳ ಪಿಷ್ಟವಾದ್ದರಿಂದ ಕಾರ್ಬೋಹೈಡ್ರೇಟ್ 75 ಗ್ರಾಂ, ಅಳತೆಗಿಂತ 20 ಗ್ರಾಂ ಜಾಸ್ತಿ. ಉಳಿದ ಮೂರೂ 55 ಗ್ರಾಂ." ಎರಡನೇ ಹಂತ ರೋಗಿ: "'ಇ' ಊಟದಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ಎಲ್‌ಡಿಎಲ್ 142 ಇರುವವರಿಗೆ ಹೊಂದದು. 'ಅ' ಬದಲಿಯಾಗಿ ಒಪ್ಪಬಹುದು, ಆದರೆ ನಾರು ಕಡಿಮೆ, ಹಣ್ಣಿಲ್ಲ." ಇಷ್ಟು ಸಾಕು. ಪರೀಕ್ಷಕರಿಗೆ ಬೇಕಾದದ್ದು ಬಿಟ್ಟ ಆಯ್ಕೆಗಳನ್ನು ಯಾಕೆ ಬಿಟ್ಟಿರಿ ಎಂಬುದು. ಆರಿಸಿದ ಊಟವನ್ನು ಹೊಗಳಿ ಅರ್ಧ ಪುಟ ಬರೆದರೆ ಅದು ಸಿಗುವುದಿಲ್ಲ.

ರೋಗಿ ಬದಲಾದರೆ ಉತ್ತರವೂ ಬದಲಾಗುತ್ತದೆ

ಒಳ್ಳೆಯ ಪ್ರಶ್ನೆಪತ್ರಿಕೆ ಇಲ್ಲಿಗೆ ನಿಲ್ಲುವುದಿಲ್ಲ. ಅದೇ ಊಟಗಳನ್ನು ಇಟ್ಟು ರೋಗಿಯ ವಿವರದಲ್ಲಿ ಒಂದು ಸಾಲು ಬದಲಿಸುತ್ತದೆ.

ಔಷಧಿ ಬದಲಾಯಿತು ಎಂದುಕೊಳ್ಳಿ. ಮೆಟ್‌ಫಾರ್ಮಿನ್ ಒಂದೇ ಇದ್ದಾಗ ಸಕ್ಕರೆ ತೀರಾ ಕೆಳಗೆ ಇಳಿಯುವ ಭಯ ಕಡಿಮೆ. ಸಂಜೆಯ ತಿಂಡಿ ಕಡ್ಡಾಯವಲ್ಲ, ಅದನ್ನು ಬೇರೆ ಹೊತ್ತಿಗೆ ಸೇರಿಸಲೂ ಬಹುದು. ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ಅಥವಾ ಬೆಳಗ್ಗೆ ರಾತ್ರಿ ನಿಗದಿತ ಪ್ರಮಾಣದ ಮಿಶ್ರ ಇನ್ಸುಲಿನ್ ಇದ್ದರೆ ಹಾಗಿಲ್ಲ. ಔಷಧಿಯ ಕೆಲಸ ಗಡಿಯಾರದ ಪ್ರಕಾರ ನಡೆಯುತ್ತದೆ, ಊಟ ಅದಕ್ಕೆ ಹೊಂದಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ, ದಿನಾ ಹೆಚ್ಚುಕಡಿಮೆ ಅಷ್ಟೇ ಕಾರ್ಬೋಹೈಡ್ರೇಟ್ ಬೇಕು. ಎಕ್ಸ್‌ಚೇಂಜ್ ಪದ್ಧತಿ ಹೆಚ್ಚು ಉಪಯೋಗಕ್ಕೆ ಬರುವುದು ಇಂಥವರಿಗೇ. ಇವರಿಗೆ ಇವತ್ತು "ಈ", ನಾಳೆ "ಆ" ಅಂದರೆ 20 ಗ್ರಾಂ ಏರಿಳಿತ, ಅದು ಸಲ್ಲದು.

ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ಸುಲಿನ್ ತೆಗೆದುಕೊಂಡು, ಪ್ರಮಾಣವನ್ನು ತಾವೇ ಹೊಂದಿಸಿಕೊಳ್ಳುವವರ ಕಥೆ ಬೇರೆ. 15 ಗ್ರಾಂ ಕಾರ್ಬೋಹೈಡ್ರೇಟ್‌ಗೆ 1 ಯೂನಿಟ್ ಎಂದು ಪ್ರಶ್ನೆಯಲ್ಲಿ ಕೊಟ್ಟಿದ್ದರೆ 55 ಗ್ರಾಂನ ಊಟಕ್ಕೆ ಸುಮಾರು 3.7 ಯೂನಿಟ್, "ಈ" ಊಟಕ್ಕೆ 5 ಯೂನಿಟ್. ಇಲ್ಲಿ "ಈ" ಊಟ ಸಕ್ಕರೆಯ ಕಾರಣಕ್ಕೆ ಬೀಳುವುದಿಲ್ಲ. ಬಟಾಣಿಯನ್ನು ತರಕಾರಿ ಎಂದು ಎಣಿಸಿ 3.7 ಹಾಕಿಕೊಂಡರೆ ಮಾತ್ರ ತೊಂದರೆ. ಇಂಥವರಿಗೆ ಪೂರ್ತಿ ಎಕ್ಸ್‌ಚೇಂಜ್ ಪಟ್ಟಿಗಿಂತ ಕಾರ್ಬೋಹೈಡ್ರೇಟ್ ಎಣಿಕೆ ಕಲಿಸುವುದು ಸರಿ. ಎಣಿಕೆಯೇ ಆಗದವರಿಗೆ, ಅಥವಾ ಈಗಷ್ಟೇ ಮಧುಮೇಹ ಗೊತ್ತಾದವರಿಗೆ, ಅರ್ಧ ತಟ್ಟೆ ಪಿಷ್ಟವಿಲ್ಲದ ತರಕಾರಿ, ಕಾಲು ಪ್ರೋಟೀನ್, ಕಾಲು ಪಿಷ್ಟ ಎಂಬ ತಟ್ಟೆಯ ಪದ್ಧತಿ ಸಾಕು. ಅವರಿಗೂ ಬಟಾಣಿ ತಟ್ಟೆಯ ಯಾವ ಭಾಗಕ್ಕೆ ಸೇರುತ್ತದೆ ಎಂದು ಹೇಳಿಕೊಡಲೇಬೇಕು.

ಇನ್ನೊಂದು ಬದಲಾವಣೆ ಮೂತ್ರಪಿಂಡದ್ದು. ರೋಗಿಗೆ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇದೆ, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ, ಪ್ರೋಟೀನ್ ಕಿಲೋಗೆ 0.8 ಗ್ರಾಂ ಎಂದು ಪ್ರಶ್ನೆ ಹೇಳಿದರೆ 82 ಕಿಲೋಗೆ ಸುಮಾರು 66 ಗ್ರಾಂ. ಯಾವ ತೂಕದಿಂದ ಗುಣಿಸಬೇಕು, ಈಗಿನದೋ ಆದರ್ಶ ತೂಕವೋ ಎಂಬುದನ್ನು ಪ್ರಶ್ನೆಯಲ್ಲಿ ಮೊದಲು ನೋಡಿಕೊಳ್ಳಿ. ನಮ್ಮ ಯೋಜನೆಯ 80 ಗ್ರಾಂನಿಂದ 14 ಗ್ರಾಂ ಇಳಿಸಬೇಕು, ಅಂದರೆ ಪ್ರೋಟೀನ್ ಎಕ್ಸ್‌ಚೇಂಜ್ 5ರಿಂದ 3ಕ್ಕೆ. ಹೋದ 90 ಕಿಲೋಕ್ಯಾಲರಿಯನ್ನು ಎರಡು ಕೊಬ್ಬಿನ ಎಕ್ಸ್‌ಚೇಂಜ್‌ನಿಂದ ತುಂಬಬಹುದು. ಕಾರ್ಬೋಹೈಡ್ರೇಟ್‌ನಿಂದ ತುಂಬಿದರೆ ಸಕ್ಕರೆ ಏರುತ್ತದೆ.

ಮಧ್ಯಾಹ್ನಕ್ಕೂ ರಾತ್ರಿಗೂ ಒಂದೊಂದು ಪ್ರೋಟೀನ್ ಕಡಿಮೆ ಮಾಡಿ ಒಂದೊಂದು ಕೊಬ್ಬು ಸೇರಿಸಿದೆವು ಎಂದುಕೊಳ್ಳಿ. ಆಗ "ಆ" ಊಟದಲ್ಲಿ ಕೋಳಿ ಹೋಗಿ ಬೇಳೆ ಉಳಿಯುತ್ತದೆ, ಎಣ್ಣೆ ಮೂರು ಚಮಚ ಆಗುತ್ತದೆ. ರಕ್ತದ ಪೊಟ್ಯಾಸಿಯಂ ಸರಿ ಇರುವ ತನಕ ಇದೇ ಒಳ್ಳೆಯದು. ಪೊಟ್ಯಾಸಿಯಂ ಜಾಸ್ತಿ ಇದೆ ಎಂದು ವರದಿಯಲ್ಲಿ ಬಂದಿದ್ದರೆ ಬೇಳೆ ಹಿಂದೆ ಸರಿಯಬೇಕಾಗುತ್ತದೆ, ಬಿಳಿ ಅನ್ನ ಮುಂದೆ ಬರುತ್ತದೆ. 30 ಗ್ರಾಂ ಕೋಳಿ, ಒಂದು ಕಪ್ ಬಿಳಿ ಅನ್ನ, ಒಂದು ಕಪ್ ಹುರುಳಿಕಾಯಿ, ಮೂರು ಚಮಚ ಎಣ್ಣೆ ಇರುವ "ಅ" ಊಟವೇ ಆಗ ಸರಿಯಾದ ಉತ್ತರ.